ವಿಷಯ: ಆರ್ಡರ್ 40718256 – ಬಾಕ್ಸ್ ಮೇಲೆ 8, ಶೂ ಒಳಗೆ 7, ಹೊಲಿಗೆಯೂ ಬಿಟ್ಟಿದೆ. ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಮಂಡ್ಯದ ಸುಭಾಷ್ ನಗರದಿಂದ ಬರೆಯುತ್ತಿದ್ದೇನೆ. ನವೆಂಬರ್ 3ಕ್ಕೆ ನಿಮ್ಮಲ್ಲಿ ಗಂಡಸರ ವಾಕಿಂಗ್ ಶೂ ಒಂದು ಜೊತೆ ಆರ್ಡರ್ ಮಾಡಿದ್ದೆ. ಬೂದು ಬಣ್ಣ, ಯುಕೆ ಸೈಜ್ 8, ಬೆಲೆ ₹1,899. ದುಡ್ಡು ಆವತ್ತೇ ಯುಪಿಐನಲ್ಲಿ ಕಟ್ಟಿದ್ದೇನೆ. ಪಾರ್ಸೆಲ್ 7ನೇ ತಾರೀಖು ಸಂಜೆ ಕೈಗೆ ಬಂತು. ಇವತ್ತು 10. ವಾಪಸ್ ಮಾಡಲು ನೀವು ಕೊಟ್ಟಿರುವ ಏಳು ದಿನದ ಗಡುವು ಇನ್ನೂ ಮುಗಿದಿಲ್ಲ.

ಈ ಶೂ ವಾಪಸ್ ತೆಗೆದುಕೊಂಡು ₹1,899 ಪೂರ್ತಿ ಕೊಡಬೇಕು ಅಂತ ಕೇಳುತ್ತಿದ್ದೇನೆ. ಇದನ್ನು ‘ಸೈಜ್ ಸರಿಹೋಗಲಿಲ್ಲ’ ಅನ್ನುವ ಲೆಕ್ಕಕ್ಕೆ ಸೇರಿಸಬೇಡಿ. ನಿನ್ನೆ ಆ್ಯಪ್‌ನಲ್ಲಿ ರಿಟರ್ನ್ ಹಾಕಲು ಹೋದಾಗ ಒಂದೇ ಒಂದು ಕಾರಣ ಆರಿಸಲು ಬಿಟ್ಟಿತು. ಸೈಜ್ ಅಂತ ಒತ್ತಿದರೆ, ಪಿಕಪ್‌ಗೆ ₹149 ಮುರಿದುಕೊಂಡು ಉಳಿದದ್ದು ಕೊಡುತ್ತೇವೆ ಅಂತ ತೋರಿಸಿತು. ತಪ್ಪು ಸೈಜ್ ಆರಿಸಿದವರಿಗೆ ಆ ನಿಯಮ ಇರಲಿ. ನಾನು ಕೇಳಿದ್ದು 8, ನೀವು ಕಳಿಸಿದ್ದು 7. ಅದಕ್ಕೇ ಅಲ್ಲಿಗೆ ನಿಲ್ಲಿಸಿ ಈ ಮೇಲ್ ಬರೆಯುತ್ತಿದ್ದೇನೆ.

ಆರು ಫೋಟೋ ಜೊತೆಗಿಟ್ಟಿದ್ದೇನೆ. ಮೊದಲನೆಯದು ಬಾಕ್ಸ್‌ನ ಪಕ್ಕದ ಸ್ಟಿಕ್ಕರ್, ಅದರಲ್ಲಿ 8 ಅಂತ ಇದೆ. ಎರಡನೆಯದು ಶೂ ನಾಲಿಗೆಯ ಒಳಗಿನ ಲೇಬಲ್. ಎರಡೂ ಶೂಗಳಲ್ಲಿ 7 ಅಂತಲೇ ಇದೆ. ಲೇಬಲ್ ಮಾತ್ರ ತಪ್ಪಾಗಿ, ಶೂ ಸರಿಯಾದದ್ದೇ ಇರಬಹುದಾ ಅಂತ ನನಗೂ ಅನುಮಾನ ಬಂತು. ನಮ್ಮಪ್ಪನ ಹಳೇ 8ರ ಶೂವಿನ ಒಳ ಅಟ್ಟೆ ತೆಗೆದು, ಹೊಸದರ ಅಟ್ಟೆ ಪಕ್ಕದಲ್ಲಿಟ್ಟು ಟೇಪ್ ಹಿಡಿದೆ. ಹಳೆಯದು 27.6 ಸೆಂಟಿಮೀಟರ್, ಹೊಸದು 26.8. ಎಂಟು ಮಿಲಿಮೀಟರ್ ಕಡಿಮೆ, ಅಂದರೆ ಹೆಚ್ಚುಕಡಿಮೆ ಒಂದು ಪೂರ್ತಿ ಸೈಜ್. ಮೂರನೇ ಫೋಟೋದಲ್ಲಿ ಟೇಪ್ ಸಮೇತ ಕಾಣುತ್ತದೆ.

ಇನ್ನು ಹೊಲಿಗೆ. ಹದಿನಾಲ್ಕು ವರ್ಷದಿಂದ ನಾನು ಟೈಲರಿಂಗ್ ಅಂಗಡಿ ನಡೆಸುತ್ತಿದ್ದೇನೆ. ಬಟ್ಟೆ ಬೇರೆ, ಶೂ ಬೇರೆ, ಗೊತ್ತು. ಆದರೆ ಮಿಷನ್ ಹೊಲಿಗೆ ಎಲ್ಲಿ ತಪ್ಪಿದೆ ಅಂತ ಕಣ್ಣಿಗೆ ಬಿದ್ದೇ ಬೀಳುತ್ತದೆ. ಬಲಗಾಲಿನ ಶೂನಲ್ಲಿ, ಕಿರುಬೆರಳು ಬರುವ ಜಾಗದ ಹೊರಮಗ್ಗುಲಲ್ಲಿ, ಸಾಲಾಗಿ ನಾಲ್ಕು ಹೊಲಿಗೆ ಬಿಟ್ಟುಹೋಗಿದೆ. ಸೂಜಿ ಚುಚ್ಚಿದ ತೂತು ಇದೆ, ದಾರ ಕಚ್ಚಿಕೊಂಡಿಲ್ಲ. ಸೂಜಿ ಮೊಂಡಾದಾಗ ಅಥವಾ ಬಾಗಿದಾಗ ಹೀಗಾಗುತ್ತದೆ. ಅಲ್ಲಿ ಎರಡು ಪದರದ ನಡುವೆ ಒಂದು ರೂಪಾಯಿ ನಾಣ್ಯದ ಅಂಚು ಸಲೀಸಾಗಿ ಒಳಗೆ ಹೋಗುತ್ತದೆ. ನಾಲ್ಕನೇ ಫೋಟೋದಲ್ಲಿ ನಾಣ್ಯ ಇಟ್ಟೇ ತೆಗೆದಿದ್ದೇನೆ. ನಡೆಯುವಾಗ ಪಾದ ಮಡಿಯುವುದು ಅದೇ ಜಾಗದಲ್ಲಿ, ಅಲ್ವಾ? ಅಲ್ಲಿಂದಲೇ ಬಾಯಿ ಬಿಡುತ್ತದೆ.

ಎಡಗಾಲಿನದ್ದರಲ್ಲಿ ಹಿಮ್ಮಡಿಯ ಮೇಲಿನ ಪಟ್ಟಿಯಲ್ಲಿ ದಾರದ ಕೊನೆಯನ್ನು ಕಟ್ಟೇ ಇಲ್ಲ. ಹೊಲಿದು ಮುಗಿಸುವಾಗ ಹಿಂದಕ್ಕೆ ಎರಡು ಹೊಲಿಗೆ ಹಾಕಿ ಗಟ್ಟಿ ಮಾಡುತ್ತೇವಲ್ಲ, ಅದು ಆಗಿಲ್ಲ. ಎರಡು ಇಂಚು ದಾರ ಸುಮ್ನೆ ನೇತಾಡುತ್ತಿದೆ. ನಾನು ಅದನ್ನು ಎಳೆದಿಲ್ಲ, ಕತ್ತರಿಸಿಯೂ ಇಲ್ಲ. ಹೇಗೆ ಬಂತೋ ಹಾಗೇ ಐದನೇ ಫೋಟೋದಲ್ಲಿದೆ.

ಫೋಟೋದಲ್ಲಿ ಸರಿಯಾಗಿ ಕಾಣದ್ದು ಇನ್ನೊಂದಿದೆ. ಅದೇ ಎಡ ಶೂವಿನ ಒಳಗೆ, ಹೆಬ್ಬೆರಳಿನ ಮೇಲ್ಭಾಗದಲ್ಲಿ ಕೈಯಾಡಿಸಿದರೆ ದಾರ ಗುಡ್ಡೆ ಕಟ್ಟಿರುವುದು ತಗಲುತ್ತದೆ. ಕಡಲೆಕಾಳಿನಷ್ಟು ದಪ್ಪ, ಗಟ್ಟಿ. ಟಾರ್ಚ್ ಹಿಡಿದು ತೆಗೆದರೂ ಮಸುಕಾಗಿಯೇ ಬಂತು. ನಿಮ್ಮಲ್ಲಿಗೆ ಶೂ ಬಂದ ಮೇಲೆ ದಯವಿಟ್ಟು ಯಾರಾದರೂ ಒಳಗೆ ಬೆರಳಿಟ್ಟು ನೋಡಿ.

ಅಷ್ಟು ಸಣ್ಣ ಗಂಟಿಗೆ ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಪ್ಪನಿಗೆ ಹನ್ನೊಂದು ವರ್ಷದಿಂದ ಶುಗರ್ ಇದೆ. ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದೆ. ಶೂ ಉಜ್ಜುತ್ತಿದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದು, ಒಡೆದು, ಸಾಕ್ಸ್‌ಗೆ ಅಂಟಿದಾಗಲೇ ಗೊತ್ತಾಗುವುದು. ಹೋದ ವರ್ಷ ಹಾಗೆ ಆದ ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ಬರಿಗಾಲಲ್ಲಿ, ಚಪ್ಪಲಿಯಲ್ಲಿ ವಾಕಿಂಗ್ ಬೇಡ, ಬೆರಳಿಗೆ ಜಾಗ ಇರುವ ಶೂ ಹಾಕಿ ಅಂತ ಡಾಕ್ಟರ್ ಹೇಳಿದ ಮೇಲೆಯೇ ಇದನ್ನು ತರಿಸಿದ್ದು. ಕೂತು ಹಾಕಿಕೊಂಡಾಗ ಅಪ್ಪ ‘ಸರಿಯಾಗಿದೆ ಬಿಡವ್ವ’ ಅಂದರು. ದುಡ್ಡು ಕೊಟ್ಟು ತಂದಿದ್ದಾಳೆ, ಬೇಸರ ಆಗದಿರಲಿ ಅಂತ. ಬಿಚ್ಚಿ ನೋಡಿದರೆ ಹೆಬ್ಬೆರಳಿನ ತುದಿ ಕೆಂಪಾಗಿತ್ತು. ಎರಡು ನಿಮಿಷವೂ ಆಗಿರಲಿಲ್ಲ.

ಹಾಕಿ ನೋಡಿದ್ದು ಅಷ್ಟೇ, ಮನೆಯೊಳಗೆ, ಚಾಪೆಯ ಮೇಲೆ. ಅಟ್ಟೆಯ ಕೆಳಗೆ ಒಂದು ಚೂರು ಮಣ್ಣಿಲ್ಲ. ಆರನೇ ಫೋಟೋ ಅದರದ್ದೇ. ಬಾಕ್ಸ್, ಒಳಗಿನ ಕಾಗದ, ಟ್ಯಾಗ್, ಬಿಲ್ ಎಲ್ಲವೂ ಹಾಗೇ ಇವೆ.

ಪಿಕಪ್ ವಿಷಯದಲ್ಲಿ ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ವಾಪಸ್ ಒಯ್ಯಲು ಬರುವ ಹುಡುಗರು ಫೋನಿನಲ್ಲಿ ಆರ್ಡರ್ ತೆಗೆದು, ಸೈಜ್ ತಾಳೆ ನೋಡುತ್ತಾರೆ. ಆರ್ಡರ್‌ನಲ್ಲಿ 8, ಶೂನಲ್ಲಿ 7 ಅಂತ ಕಂಡರೆ ‘ಇದು ನಾವು ಕೊಟ್ಟ ಮಾಲಲ್ಲ’ ಅಂತ ಬಾಗಿಲಿನಿಂದಲೇ ಹೊರಟುಬಿಡುತ್ತಾರೆ. ನಮ್ಮ ಬೀದಿಯಲ್ಲೇ ಒಬ್ಬರಿಗೆ ಹಾಗಾಗಿದೆ. ಅದು ಆ ಹುಡುಗನ ತಪ್ಪೂ ಅಲ್ಲ, ಅವನಿಗೆ ಹೇಳಿರುವುದು ಅಷ್ಟೇ. ಹಾಗಾಗಿ ‘ತಪ್ಪು ಸೈಜ್ ಹೋಗಿದೆ, 7 ಇದ್ದರೂ ತೆಗೆದುಕೊಳ್ಳಿ’ ಅಂತ ನಿಮ್ಮ ಕಡೆಯಿಂದ ಆರ್ಡರ್‌ನಲ್ಲೇ ಬರೆದು ಕಳಿಸಿ. ಬೆಳಿಗ್ಗೆ 10ರ ಒಳಗೆ ಅಥವಾ ಸಂಜೆ 6ರ ಮೇಲೆ ಬಂದರೆ ನಾನೇ ಇರುತ್ತೇನೆ. ಮಧ್ಯಾಹ್ನ ಅಪ್ಪ ಒಬ್ಬರೇ ಇರುತ್ತಾರೆ, ಅವರಿಗೆ ಓಟಿಪಿ ಹೇಳಲು ಬರುವುದಿಲ್ಲ.

ಬದಲಿ ಶೂ ಬೇಡ. ಅದೇ ಬಣ್ಣದ 8 ನಿಮ್ಮಲ್ಲಿ ಖಾಲಿ ಅಂತ ತೋರಿಸುತ್ತಿದೆ. ಇದ್ದರೂ ಅದೇ ಲಾಟಿನದ್ದು ಬಂದರೆ ಮತ್ತೆ ಇದೇ ಕಥೆ. ಹಣ ಯಾವ ಯುಪಿಐ ಖಾತೆಯಿಂದ ಬಂತೋ ಅದಕ್ಕೇ ಹಾಕಿ. ನಿಮ್ಮ ವಾಲೆಟ್‌ಗೆ ಹಾಕಬೇಡಿ, ಇಲ್ಲೇ ಅಂಗಡಿಗೆ ಕರೆದುಕೊಂಡು ಹೋಗಿ ಅಪ್ಪನ ಕಾಲಿಗೆ ಹಾಕಿ ನೋಡಿಯೇ ತೆಗೆದುಕೊಳ್ಳುತ್ತೇನೆ.

ದೋಷ ಇರುವ ಮಾಲನ್ನು, ಹೇಳಿದ್ದಕ್ಕಿಂತ ಬೇರೆಯಾಗಿ ಬಂದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವಂತಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳಲ್ಲೇ ಇದೆ. ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು ಅಂತಲೂ ಇದೆ. ನಿಮ್ಮಿಂದ ಉತ್ತರ ಬಾರದಿದ್ದರೆ 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಹೋಗುವುದು ಬೇಡ ಅಂತಲೇ ಇಷ್ಟು ವಿವರವಾಗಿ ಬರೆದಿದ್ದೇನೆ.

ಇನ್ನೊಂದು ಕೋರಿಕೆ. ಬಾಕ್ಸ್ ಸ್ಟಿಕ್ಕರ್ ಅದಲುಬದಲಾಗಿದ್ದರೆ, 7 ಕೇಳಿದವರಿಗೆ ಎಲ್ಲೋ 8 ಹೋಗಿರಬೇಕು. ಮೊದಲ ಫೋಟೋದಲ್ಲಿ ಲಾಟ್ ನಂಬರ್ ಸ್ಪಷ್ಟವಾಗಿದೆ. ಗೋಡೌನ್‌ನಲ್ಲಿ ಉಳಿದಿರುವ ಅದೇ ಲಾಟಿನ ಬಾಕ್ಸ್‌ಗಳನ್ನು ಒಮ್ಮೆ ತೆಗೆದು ನೋಡಿಸಿ.

ಪಿಕಪ್ ಯಾವ ದಿನ ಅಂತ ಇದೇ ಮೇಲ್‌ಗೆ ಉತ್ತರಿಸಿ ತಿಳಿಸಿ. ಆರ್ಡರ್‌ನಲ್ಲಿರುವ ಮೊಬೈಲ್ ನಂಬರೇ ನನ್ನದು.

ಇಂತಿ,
ಸವಿತಾ
ಸುಭಾಷ್ ನಗರ, ಮಂಡ್ಯ

ಲಗತ್ತು: ಫೋಟೋ 6, ಬಿಲ್ ಪ್ರತಿ 1