ಸುರಬಾಯಾ ಮೇಲ್: ನೀವು ಬರೆದದ್ದನ್ನು ಯಾಕೆ ಬದಲಾಯಿಸಿದೆ

ಮಹೇಶ್ ಸರ್, ನಮಸ್ಕಾರ.

ಸುರಬಾಯಾದ ನಿಮ್ಮ ಗ್ರಾಹಕ ಹೆಂದ್ರಾ ಅವರಿಗೆ ನಾನು ಇಂಡೋನೇಷ್ಯಾದ ಭಾಷೆಗೆ ಅನುವಾದಿಸಿದ ಬಾಕಿ ಹಣದ ಮೇಲ್ ನೀವು ಬರೆದದ್ದಕ್ಕಿಂತ ಉದ್ದ ಆಗಿದೆ, ಬರೆದದ್ದು ಬರೆದ ಹಾಗೆ ಇಲ್ಲ ಅಂತ ಕೇಳಿದ್ದೀರಿ. ನಿಮ್ಮ ಆಫೀಸಿನವರು ಮಾಡಿದ ಪದಕ್ಕೆ ಪದ ಅನುವಾದವನ್ನೂ ನೋಡಿದೆ. ಅದು ಹಾಗೇ ಹೋದರೆ ಹೆಂದ್ರಾ ಅವರಿಗೆ ಗದರಿಸಿದ ಹಾಗೆ ಕೇಳಿಸುತ್ತದೆ.

ಅದರ ಎರಡನೇ ಸಾಲು ನೋಡಿ: 'ಮೆಂಗಾಪಾ ಆಂಡಾ ಬೆಲುಮ್ ಮೆಂಬಾಯಾರ್?' ನೀವು ಯಾಕೆ ಇನ್ನೂ ಹಣ ಕೊಟ್ಟಿಲ್ಲ ಅಂತ. 'ಆಂಡಾ' ಅಂದರೆ 'ನೀವು', ನಿಜ. ಆದರೆ ಅದು ಜಾಹೀರಾತು, ಫಾರ್ಮ್, ಆ್ಯಪ್‌ಗಳಲ್ಲಿ ಬರುವ 'ನೀವು', ಯಾರನ್ನೂ ಮುಖ ನೋಡಿ ಕರೆಯುವುದಲ್ಲ. ವಯಸ್ಸಾದ, ಪರಿಚಯದ ಗ್ರಾಹಕರಿಗೆ ಹಾಗೆ ಬರೆದರೆ ಸುಮ್ನೆ ದೂರ ತಳ್ಳಿದ ಹಾಗಾಗುತ್ತದೆ. ಅಲ್ಲಿ ಗಂಡಸರಾದರೆ ಬಾಪಾಕ್, ಹೆಂಗಸರಾದರೆ ಇಬು, ಮತ್ತು 'ನೀವು' ಬರಬೇಕಾದ ಕಡೆಯೆಲ್ಲ ಅದನ್ನೇ ಹಾಕುತ್ತಾರೆ. ಅದಕ್ಕೇ ನನ್ನ ಮೇಲ್‌ನಲ್ಲಿ 'ಬಾಪಾಕ್ ಹೆಂದ್ರಾ' ಇದೆ.

ನಿಮ್ಮ ಪ್ಲೀಸ್‌ಗೆ ಆಫೀಸಿನವರು 'ಹಾರಾಪ್' ಹಾಕಿದ್ದಾರೆ. ಇಂಡೋನೇಷ್ಯಾದಲ್ಲಿ ಅದು ಗೋಡೆ ಮೇಲೆ ಬರೆದಿರುತ್ತದೆ: 'ಹಾರಾಪ್ ಆಂತ್ರೆ', ಸಾಲಿನಲ್ಲಿ ನಿಲ್ಲಿ, 'ಹಾರಾಪ್ ತೆನಾಂಗ್', ಗಲಾಟೆ ಮಾಡಬೇಡಿ. ಅದರ ಪಕ್ಕದಲ್ಲಿ 'ಸೆಗೆರಾ', ಅಂದರೆ ತಕ್ಷಣ, ಬಂದರೆ ಪೂರ್ತಿ ಆರ್ಡರ್ ಆಗಿಬಿಡುತ್ತದೆ. ನಾನು 'ಮೊಹೊನ್' ಹಾಕಿದ್ದೇನೆ, ಕೋರುವಾಗ ಬಳಸುವುದು ಅದನ್ನೇ. 'ನೀವು ಕೊಟ್ಟಿಲ್ಲ' ಅನ್ನುವುದನ್ನು 'ಹಣ ನಮಗೆ ಇನ್ನೂ ತಲುಪಿಲ್ಲ' ಅಂತ ತಿರುಗಿಸಿದ್ದೇನೆ. ವಿಷಯ ಒಂದೇ, ಬೆರಳು ಮಾತ್ರ ಅವರ ಕಡೆ ತೋರಿಸಿಲ್ಲ. ಇಂಗ್ಲಿಷ್‌ನಲ್ಲಿ ಚುಟುಕಾಗಿ ಬರೆದರೆ ಚುರುಕು ಅನ್ನಿಸುತ್ತದೆ, ಅಲ್ವಾ? ಅಲ್ಲಿ ಮೇಲ್ 'ದೆಂಗಾನ್ ಹೊರ್ಮಾತ್' ಅಂದರೆ 'ಗೌರವದಿಂದ' ಅಂತ ಶುರುವಾಗುತ್ತದೆ, ಕೊನೆಗೆ ಸಹಕಾರಕ್ಕೆ ಥ್ಯಾಂಕ್ಸ್ ಹೇಳಬೇಕು. ಇವು ಇಲ್ಲದಿದ್ದರೆ ಇವರಿಗೆ ಕೋಪ ಬಂದಿದೆ ಅಂತಲೇ ಓದುತ್ತಾರೆ.

ಒಂದು ಕಡೆ ಅರ್ಥವೇ ಕೆಟ್ಟಿತ್ತು. ಕನ್ನಡದ 'ನಮ್ಮ'ಗೆ ಅಲ್ಲಿ ಎರಡು ಪದ ಇವೆ. 'ಕಾಮಿ' ಅಂದರೆ ನಾವು ಮಾತ್ರ, ಓದುವವರು ಸೇರಿಲ್ಲ. 'ಕಿತಾ' ಅಂದರೆ ನೀವೂ ನಾವೂ ಸೇರಿ. ಅವರು 'ರೆಕೆನಿಂಗ್ ಕಿತಾ' ಅಂತ ಬರೆದು ನಿಮ್ಮ ಬ್ಯಾಂಕ್ ಖಾತೆಯನ್ನು ಹೆಂದ್ರಾ ಅವರ ಜೊತೆಗಿನ ಜಂಟಿ ಖಾತೆ ಮಾಡಿದ್ದರು. ಅದನ್ನು ಸರಿಮಾಡಿದ್ದೇನೆ.

ಇನ್‌ವಾಯ್ಸ್ ನಂಬರ್, ಮೊತ್ತ, 15ನೇ ತಾರೀಖಿನ ಗಡುವು ಯಾವುದನ್ನೂ ಮುಟ್ಟಿಲ್ಲ. ಗಡುವು ಗಟ್ಟಿಯಾಗಿಯೇ ಇದೆ. 'ಬಾಯಿಕ್ ಪಾಕ್, ಆಕಾನ್ ಕಾಮಿ ಚೆಕ್' ಅಂತ ಉತ್ತರ ಬಂದರೆ ಹಣ ಬಂದೇ ಬಿಡುತ್ತದೆ ಅಂತ ಲೆಕ್ಕ ಹಾಕಬೇಡಿ. ಸರಿ, ನೋಡುತ್ತೇವೆ ಅಂದಿದ್ದಾರೆ ಅಷ್ಟೇ. ಯಾವ ದಿನ ಕಳಿಸುತ್ತೀರಿ ಅಂತ ವಾಟ್ಸಾಪ್‌ನಲ್ಲಿ ಕೇಳೋಣ, ಆ ಮೆಸೇಜ್ ನಾನೇ ಬರೆದುಕೊಡುತ್ತೇನೆ.

ಒಂದು ಸಾಲು ಮಾತ್ರ ಬಿಟ್ಟಿದ್ದೇನೆ: 'ಇಲ್ಲದಿದ್ದರೆ ಮುಂದಿನ ಮಾಲು ನಿಲ್ಲಿಸುತ್ತೇವೆ.' ಇದು ಮೊದಲ ರಿಮೈಂಡರ್, ಇಷ್ಟು ಬೇಗ ಆ ಮಾತು ಬೇಡ ಅಂತ ನನಗನ್ನಿಸುತ್ತದೆ. ಆದರೆ ತೀರ್ಮಾನ ನಿಮ್ಮದು. ಬೇಕೇ ಬೇಕು ಅಂದರೆ ಮೆತ್ತಗೆ ಸೇರಿಸಿಕೊಡುತ್ತೇನೆ, ಸಂಜೆಯೊಳಗೆ ಹೇಳಿ.

ವಿದ್ಯಾ