ಬಫರ್ ಮತ್ತು ಡೈಲ್ಯೂಷನ್: ಮೊದಲ ವರ್ಷದವರಿಗೆ ಒಂದು ಪತ್ರ

ಕಾಸರಗೋಡು
ಜುಲೈ 14

ಪ್ರೀತಿಯ ಮೊದಲ ವರ್ಷದ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ,

ಶುಕ್ರವಾರ ನೀವು 8 ತಂಡದವರು ಟ್ರಿಸ್ ಬಫರ್ ಮಾಡಿಟ್ಟು ಹೋದಿರಿ. 0.05 ಮೋಲಾರ್, ಪಿಎಚ್ 8.0, ತಲಾ 500 ಮಿ.ಲೀ. ನೀವು ಬಸ್ಸಿಗೆ ಓಡಿದ ಮೇಲೆ ನಾನು ಎಲ್ಲಾ ಬಾಟಲಿಗಳನ್ನೂ ಇನ್ನೊಮ್ಮೆ ಅಳೆದೆ. ಮೂರು ಸರಿ ಇದ್ದವು. ಐದು ಸರಿ ಇರಲಿಲ್ಲ. ಆದರೆ ಮೇಜಿನ ಮೇಲೆ ಸಾಲಾಗಿ ಇಟ್ಟಾಗ ಎಂಟೂ ಒಂದೇ ಥರ ಕಾಣುತ್ತಿದ್ದವು. ತಿಳಿ ನೀರಿನ ಹಾಗೆ. ನನಗೆ ಚಿಂತೆ ಇರುವುದು ಅದೇ. ಸಾರಿಗೆ ಉಪ್ಪು ಜಾಸ್ತಿಯಾದರೆ ನಾಲಗೆ ಹೇಳುತ್ತದೆ. ಬಫರ್ ತಪ್ಪಿದರೆ ಯಾರೂ ಹೇಳುವುದಿಲ್ಲ. ಎರಡು ವಾರ ಬಿಟ್ಟು ಎನ್ಜೈಮ್ ಕೆಲಸ ಮಾಡದೆ ಇದ್ದಾಗ ನೀವು ಎನ್ಜೈಮನ್ನು ದೂರುತ್ತೀರಿ.

ಲ್ಯಾಬ್ ಮ್ಯಾನ್ಯುವಲ್ ಇಂಗ್ಲಿಷಿನಲ್ಲಿದೆ. ನಿಮ್ಮಲ್ಲಿ ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ ಕಡೆಯಿಂದ ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದವರು ಸುಮಾರು ಮಂದಿ ಇದ್ದೀರಿ. ನಾನೂ ಹಾಗೇ ಬಂದವಳು. ಶುಕ್ರವಾರದ ತಪ್ಪುಗಳಲ್ಲಿ ಒಂದೆರಡು ಕೆಮಿಸ್ಟ್ರಿಯದ್ದೇ ಅಲ್ಲ, ಭಾಷೆಯದ್ದು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಭಾಷೆಯ ವಿಷಯ. ಮ್ಯಾನ್ಯುವಲ್ಲಿನಲ್ಲಿ ‘ಮೇಕ್ ಅಪ್ ಟು 500’ ಎಂದಿದೆ. 500 ಮಿ.ಲೀ. ನೀರು ಹಾಕಿ ಎಂದು ಅರ್ಥ ಅಲ್ಲ. ಎಲ್ಲಾ ಸೇರಿ 500 ಆಗುವವರೆಗೆ ನೀರು ಹಾಕಿ ಎಂದು ಅರ್ಥ. 3.03 ಗ್ರಾಂ ಟ್ರಿಸ್ ತೂಗಿ, ಸುಮಾರು 400 ಮಿ.ಲೀ. ನೀರಿನಲ್ಲಿ ಕರಗಿಸಿ. ಪಿಎಚ್ ಮೀಟರ್ ನೋಡುತ್ತಾ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ 8.0ಕ್ಕೆ ತನ್ನಿ. ಕೊನೆಗೆ ನೀರು ಹಾಕಿ 500ಕ್ಕೆ ಏರಿಸಿ. ಈ ಕ್ರಮ ತಲೆಕೆಳಗಾದರೆ ಏನಾಗುತ್ತದೆ ನೋಡಿ. ಒಂದು ತಂಡ ಮೊದಲೇ 500 ಮಾಡಿಕೊಂಡು, ಆಮೇಲೆ 0.1 ಮೋಲಾರ್ ಆಸಿಡ್ ಹಾಕುತ್ತಾ ಹೋಗಿದೆ. ಪಿಎಚ್ 8.0 ಬರುವಾಗ ಬೀಕರಿನಲ್ಲಿ 600 ದಾಟಿತ್ತು. ಪಿಎಚ್ ಸರಿ, ಆದರೆ 0.05 ಇರಬೇಕಾದದ್ದು 0.04 ಆಗಿಹೋಗಿತ್ತು. ಮೀಟರ್ ಅದನ್ನು ಹೇಳುವುದಿಲ್ಲ.

ಆಸಿಡ್ ಜಾಸ್ತಿ ಬಿದ್ದು ಪಿಎಚ್ 7.4ಕ್ಕೆ ಇಳಿದಾಗ ಇನ್ನೊಂದು ತಂಡ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಮೇಲೆ ತಂದಿದೆ. ಮತ್ತೆ ಜಾಸ್ತಿಯಾಗಿದೆ, ಮತ್ತೆ ಆಸಿಡ್. ಹೀಗೆ ಆಚೆ ಈಚೆ ಎಳೆದಷ್ಟೂ ಆಸಿಡ್ಡೂ ಬೇಸೂ ಸೇರಿ ಉಪ್ಪು ಆಗುತ್ತಾ ಹೋಗುತ್ತದೆ, ಅಲ್ವಾ? ಆ ಉಪ್ಪು ಬಾಟಲಿಯೊಳಗೇ ಉಳಿಯುತ್ತದೆ. ಎನ್ಜೈಮಿಗೆ ಅದು ಗೊತ್ತಾಗುತ್ತದೆ. ಒಮ್ಮೆ ತಪ್ಪಿದರೆ ಚೆಲ್ಲಿ ಹೊಸದಾಗಿ ಮಾಡಿ. ಮೂರು ಗ್ರಾಂ ಟ್ರಿಸ್ ಹೋದರೆ ಹೋಗಲಿ. 8.5ರ ಹತ್ತಿರ ಬಂದ ಮೇಲೆ ಹನಿ ಹನಿಯಾಗಿ ಹಾಕಿ, ಪ್ರತಿ ಹನಿಯ ನಂತರ ಮೀಟರಿನ ಅಂಕಿ ನಿಲ್ಲುವವರೆಗೆ ಕಾಯಿರಿ.

ಟ್ರಿಸ್ಸಿಗೆ ಇನ್ನೊಂದು ಗುಣ ಇದೆ, ಇದನ್ನು ಗಟ್ಟಿಯಾಗಿ ನೆನಪಿಡಿ. ತಂಪಾದರೆ ಅದರ ಪಿಎಚ್ ಏರುತ್ತದೆ, ಬಿಸಿಯಾದರೆ ಇಳಿಯುತ್ತದೆ. ಒಂದು ಡಿಗ್ರಿಗೆ ಸುಮಾರು 0.03ರಷ್ಟು. 25 ಡಿಗ್ರಿಯಲ್ಲಿ 8.0 ಮಾಡಿದ್ದು ಫ್ರಿಜ್ಜಿನ 4 ಡಿಗ್ರಿಯಲ್ಲಿ 8.6ರ ಹತ್ತಿರ ಇರುತ್ತದೆ. ಒಂದು ತಂಡದವರು ಫ್ರಿಜ್ಜಿನ ನೀರಿನಲ್ಲೇ ಬಫರ್ ಮಾಡಿ ತಂಪು ಇರುವಾಗಲೇ ಅಳೆದಿದ್ದರು. ಸಂಜೆ ನಾನು ಅಳೆಯುವಾಗ ಅದು 7.5. ಅವರು ಅಂಕಿ ಸರಿಯಾಗಿಯೇ ಓದಿದ್ದಾರೆ. ಆದ್ದರಿಂದ ಲೇಬಲಿನಲ್ಲಿ ಪಿಎಚ್ ಜೊತೆ ಎಷ್ಟು ಡಿಗ್ರಿಯಲ್ಲಿ ಅಳೆದದ್ದು ಎಂದೂ ಬರೆಯಿರಿ. ಫಾಸ್ಫೇಟ್ ಬಫರ್ ಇಷ್ಟು ಕುಣಿಯುವುದಿಲ್ಲ.

ಫಾಸ್ಫೇಟ್ ಅಂದ ಕೂಡಲೇ ನನ್ನದೇ ಒಂದು ಕಥೆ ಹೇಳಬೇಕು. ಎಂ.ಎಸ್ಸಿ. ಮೊದಲ ವರ್ಷದಲ್ಲಿ ನಾನು 0.1 ಮೋಲಾರ್ ಫಾಸ್ಫೇಟ್ ಬಫರ್ ಮಾಡಿದೆ. ಒಂದು ಲೀಟರಿಗೆ 14.2 ಗ್ರಾಂ Na2HPO4 ಎಂದು ಸೀನಿಯರ್ ಒಬ್ಬರ ನೋಟ್ಸಿನಲ್ಲಿತ್ತು. ತೂಗಿದೆ. ಆಸಿಡ್ ಹಾಕಿ ಪಿಎಚ್ 7.0ಕ್ಕೆ ತಂದೆ. ಎರಡು ವಾರ ರೀಡಿಂಗ್ ತೆಗೆದೆ. ಒಂದೂ ಹೊಂದಲಿಲ್ಲ. ರಿಯಾಕ್ಷನ್ನಿನಲ್ಲಿ ಆಸಿಡ್ ಹುಟ್ಟುತ್ತಿತ್ತು, ಬಫರ್ ಅದನ್ನು ತಡೆಯುತ್ತಿರಲಿಲ್ಲ, ಪಿಎಚ್ ಜಾರುತ್ತಲೇ ಇತ್ತು. ಕೊನೆಗೆ ಒಂದು ಸಂಜೆ ಬಾಟಲಿಯ ಲೇಬಲ್ ಪೂರ್ತಿ ಓದಿದೆ. ಅದು Na2HPO4·12H2O. ನೋಟ್ಸಿನ ಲೆಕ್ಕ ನೀರಿಲ್ಲದ ಪುಡಿಯದ್ದು, ಅದರ ಮಾಲಿಕ್ಯುಲರ್ ವೇಯ್ಟ್ 141.96. ನನ್ನ ಕೈಯಲ್ಲಿದ್ದದ್ದು 12 ನೀರಿನ ಕಣ ಸೇರಿದ ಹರಳು, 358.14. ಅದನ್ನು 35.8 ಗ್ರಾಂ ಹಾಕಬೇಕಿತ್ತು. ನಾನು ಹಾಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು. ಅಂದಿನಿಂದ ಯಾರ ನೋಟ್ಸಿನ ಗ್ರಾಂ ಲೆಕ್ಕವನ್ನೂ ನಾನು ನೇರವಾಗಿ ತೆಗೆದುಕೊಳ್ಳುವುದಿಲ್ಲ. ಕೈಯಲ್ಲಿರುವ ಬಾಟಲಿಯ ಮೇಲಿನ ಮಾಲಿಕ್ಯುಲರ್ ವೇಯ್ಟ್ ನೋಡಿ ಹೊಸದಾಗಿ ಲೆಕ್ಕ ಹಾಕುತ್ತೇನೆ. ನೀವೂ ಹಾಗೇ ಮಾಡಿ. ನನ್ನ ನೋಟ್ಸನ್ನೂ ನಂಬಬೇಡಿ.

ನಮ್ಮ ಊರಿನ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಡಿಯಂ ಹೈಡ್ರಾಕ್ಸೈಡ್ ಗುಳಿಗೆಗಳು ತೂಗುತ್ತಿರುವಾಗಲೇ ಬೆವರುತ್ತವೆ. ಗಾಳಿಯ ನೀರು ಎಳೆದುಕೊಂಡು ತಕ್ಕಡಿಯ ಅಂಕಿ ಏರುತ್ತಲೇ ಇರುತ್ತದೆ. ಬೇಗ ತೂಗಿ, ಡಬ್ಬಿಯ ಮುಚ್ಚಳ ತಕ್ಷಣ ಹಾಕಿ. ಕೈಯಲ್ಲಿ ಮುಟ್ಟಬೇಡಿ. ತೂಗುವಾಗ ಫ್ಯಾನ್ ಆಫ್ ಮಾಡಿ, ಸೆಕೆ ಅನಿಸಿದರೂ ಎರಡು ನಿಮಿಷ ತಡೆದುಕೊಳ್ಳಿ. ಕಾನ್ಸಂಟ್ರೇಟೆಡ್ ಆಸಿಡ್ಡನ್ನು ಯಾವಾಗಲೂ ನೀರಿಗೆ ಹಾಕಿ, ಆಸಿಡ್ಡಿಗೆ ನೀರು ಹಾಕಬೇಡಿ. ಈ ಒಂದು ವಿಷಯದಲ್ಲಿ ಯಾರಿಗೂ ಎರಡನೇ ಸಲ ಹೇಳುವುದಿಲ್ಲ, ಲ್ಯಾಬಿನಿಂದ ಹೊರಗೆ ಕಳಿಸುತ್ತೇನೆ.

ಇಡಿಟಿಎ ಕರಗುವುದಿಲ್ಲ ಎಂದು ಮೂರು ಮಂದಿ ನನ್ನ ಹತ್ತಿರ ಬಂದಿರಿ. ನೀರು ಜಾಸ್ತಿ ಮಾಡಿದರೆ ಪ್ರಯೋಜನ ಇಲ್ಲ. 0.5 ಮೋಲಾರ್ ಇಡಿಟಿಎ ಪಿಎಚ್ 8ರ ಹತ್ತಿರ ಬಂದರೆ ಮಾತ್ರ ಕರಗುತ್ತದೆ. 100 ಮಿ.ಲೀ.ಗಾದರೆ 18.6 ಗ್ರಾಂ ಡೈಸೋಡಿಯಂ ಇಡಿಟಿಎ ಡೈಹೈಡ್ರೇಟ್ ಪುಡಿಯನ್ನು 80 ಮಿ.ಲೀ. ನೀರಿಗೆ ಹಾಕಿ, ಸ್ಟರ್ ಮಾಡುತ್ತಾ ಸೋಡಿಯಂ ಹೈಡ್ರಾಕ್ಸೈಡ್ ಸ್ವಲ್ಪ ಸ್ವಲ್ಪವೇ ಸೇರಿಸಿ. ಎಲ್ಲಾ ಸೇರಿ 2 ಗ್ರಾಂ ಹತ್ತಿರ ಬೇಕಾಗುತ್ತದೆ. ಹಾಲಿನಂತೆ ಇದ್ದದ್ದು ಮೆಲ್ಲ ತಿಳಿಯಾಗುತ್ತದೆ. ನೋಡಲಿಕ್ಕೆ ಖುಷಿಯಾಗುತ್ತದೆ.

ಇನ್ನು ಡೈಲ್ಯೂಷನ್. C1V1 = C2V2 ನಿಮಗೆಲ್ಲಾ ಬಾಯಿಪಾಠ ಇದೆ. ಎಡವುವುದು ಬೇರೆ ಕಡೆ. 1:10 ಅಂದರೆ ಒಂದು ಪಾಲು ಸ್ಯಾಂಪಲ್, ಹತ್ತು ಪಾಲು ನೀರು ಎಂದು ಅರ್ಧ ಕ್ಲಾಸ್ ತಿಳಿದುಕೊಂಡಿದೆ. ನಮ್ಮ ಲ್ಯಾಬಿನಲ್ಲಿ ಅದರ ಅರ್ಥ, ಎಲ್ಲಾ ಸೇರಿ ಹತ್ತು ಪಾಲು. ಅಂದರೆ 1 ಮಿ.ಲೀ. ಸ್ಯಾಂಪಲ್, 9 ಮಿ.ಲೀ. ನೀರು. ಒಂದು ಮಿ.ಲೀ. ನೀರು ಜಾಸ್ತಿಯಾದರೆ ಏನು ಮಹಾ ಅನಿಸಬಹುದು. ಮೂರು ಸಲ ಮಾಡಿ ನೋಡಿ. 1000 ಪಟ್ಟು ತೆಳುವಾಗಬೇಕಿದ್ದದ್ದು 1331 ಪಟ್ಟು ಆಗುತ್ತದೆ. ಇನ್ನು ಮುಂದೆ ಬೋರ್ಡಿನಲ್ಲಿ ನಾನು 1+9 ಎಂದೇ ಬರೆಯುತ್ತೇನೆ. ನೀವೂ ರೆಕಾರ್ಡಿನಲ್ಲಿ ಹಾಗೇ ಬರೆಯಿರಿ.

ಕಲಕುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮನೆಯಲ್ಲಿ ಪುನರ್ಪುಳಿ ಶರಬತ್ತು ಮಾಡುವಾಗ ನೋಡಿದ್ದೀರಲ್ಲ. ಗ್ಲಾಸಿಗೆ ಮೊದಲು ನೀರು ಹಾಕಿ, ಮೇಲಿಂದ ಸಿರಪ್ ಬಿಟ್ಟರೆ ಅದು ಸೀದಾ ಅಡಿಗೆ ಹೋಗಿ ಕೂರುತ್ತದೆ. ಮೇಲಿನ ಗುಟುಕು ಸಪ್ಪೆ, ಕೊನೆಯದು ಬರೀ ಸಿಹಿ. ಸ್ಟಾಕ್ ಸೊಲ್ಯೂಷನ್ನೂ ಹಾಗೆಯೇ ನೀರಿಗಿಂತ ಭಾರ. ಕಲಕದೆ ಮೇಲಿಂದ ತೆಗೆದು ಮುಂದಿನ ಟ್ಯೂಬಿಗೆ ಹಾಕಿದರೆ ಸಾಲು ಪೂರ್ತಿ ಹಾಳು. ಶರಬತ್ತಿನ ಬಣ್ಣ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಸಾಧ್ಯವಾದರೆ ಈ ವಾರ ಮನೆಯಲ್ಲಿ ಐದು ಗ್ಲಾಸು ಇಟ್ಟು ಪುನರ್ಪುಳಿಯಲ್ಲೇ 1+9 ಸಾಲು ಮಾಡಿ ನೋಡಿ. ಕೈ ತಪ್ಪಿದ್ದು ಬಣ್ಣದಲ್ಲೇ ಗೊತ್ತಾಗುತ್ತದೆ.

ಪ್ರತಿ ಟ್ಯೂಬಿಗೂ ಹೊಸ ಟಿಪ್. ಪಿಪೆಟ್ಟಿನಲ್ಲಿ ಎಳೆಯುವಾಗ ಮೊದಲ ತಡೆಯವರೆಗೆ ಮಾತ್ರ ಒತ್ತಿ, ಬಿಡುವಾಗ ಎರಡನೆಯದರವರೆಗೆ. ಮತ್ತೆ ಅದರ ಕಿಟಕಿಯ ಅಂಕಿ. ನಮ್ಮ ಪಿಪೆಟ್ಟುಗಳಲ್ಲಿ 100 ಎಂದು ಕಂಡರೆ P20ರಲ್ಲಿ ಅದು 10 ಮೈಕ್ರೋಲೀಟರ್, P200ರಲ್ಲಿ 100, P1000ರಲ್ಲಿ 1000. ಅಂಕಿ ಒಂದೇ, ಅರ್ಥ ಮೂರು. ಪಿಪೆಟ್ ಯಾವುದೆಂದು ನೋಡದೆ ಅಂಕಿ ತಿರುಗಿಸಬೇಡಿ. 1 ಮೈಕ್ರೋಲೀಟರ್ ತೆಗೆದು ಒಂದೇ ಏಟಿಗೆ 1000 ಪಟ್ಟು ತೆಳು ಮಾಡುವ ಆಸೆಯೂ ಬೇಡ. ಅಷ್ಟು ಸಣ್ಣ ಅಳತೆಯಲ್ಲಿ ಟಿಪ್ಪಿನ ಹೊರಗೆ ಅಂಟಿದ ಹನಿಯೇ ದೊಡ್ಡ ತಪ್ಪಾಗುತ್ತದೆ. ಮೂರು ಹಂತದಲ್ಲಿ ಮಾಡಿ.

ನಿಮ್ಮಲ್ಲಿ ಅಡಿಕೆ ತೋಟದ ಮನೆಯವರು ತುಂಬ ಇದ್ದೀರಿ. ಕೊಳೆರೋಗಕ್ಕೆ ಬೋರ್ಡೋ ಮದ್ದು ಮಾಡುವುದನ್ನು ಚಿಕ್ಕಂದಿನಿಂದ ನೋಡಿದ್ದೀರಿ. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ತಿರುಗಿಸಿ ಹೊಯ್ಯುವ ಹಾಗಿಲ್ಲ. ನನ್ನ ಅಪ್ಪ 30 ವರ್ಷದಿಂದ ಇದನ್ನು ಮಾಡುತ್ತಿದ್ದಾರೆ. ಆದರೂ ಪ್ರತಿ ಸಲ ಕೊನೆಗೆ ಕಬ್ಬಿಣದ ಕತ್ತಿಯ ಅಲಗು ಅದ್ದಿ ನೋಡುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹಿಡಿದರೆ ಸುಣ್ಣ ಇನ್ನೂ ಬೇಕು. ಅಳೆದು ಹಾಕಿದ್ದೇನಲ್ಲ, ಇನ್ನೇಕೆ ನೋಡಬೇಕು ಎಂದು ಅವರು ಒಮ್ಮೆಯೂ ಬಿಟ್ಟದ್ದಿಲ್ಲ. ಮದ್ದು ತಪ್ಪಿದರೆ ವರ್ಷದ ಫಸಲು ಹೋಗುತ್ತದೆ.

ನಮಗೆ ಆ ಕತ್ತಿಯ ಜಾಗದಲ್ಲಿ ಪಿಎಚ್ ಮೀಟರ್ ಇದೆ. ಅದೂ ತಪ್ಪು ಹೇಳಬಹುದು. ಬೆಳಿಗ್ಗೆ ಮೊದಲು ಬಂದವರು 7 ಮತ್ತು 10ರ ಸ್ಟಾಂಡರ್ಡ್ ಬಫರಿನಲ್ಲಿ ಕ್ಯಾಲಿಬ್ರೇಟ್ ಮಾಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಪಿಎಚ್ 5ರ ಅಸಿಟೇಟ್ ಬಫರ್ ಮಾಡುವ ದಿನ 7 ಮತ್ತು 4. ಎಲೆಕ್ಟ್ರೋಡನ್ನು ಟಿಶ್ಯೂವಿನಿಂದ ಉಜ್ಜಬೇಡಿ, ಮೆಲ್ಲ ಒತ್ತಿ ನೀರು ಹೀರಿಸಿ ಸಾಕು. ಕೆಲಸ ಮುಗಿದ ಮೇಲೆ 3 ಮೋಲಾರ್ ಪೊಟ್ಯಾಷಿಯಂ ಕ್ಲೋರೈಡಿನಲ್ಲಿ ಇಡಿ. ಡಿಸ್ಟಿಲ್ಡ್ ವಾಟರಿನಲ್ಲಿ ಬಿಟ್ಟು ಹೋದರೆ ಅದು ಕೆಡುತ್ತದೆ.

ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ. ಶುಕ್ರವಾರ ತಪ್ಪಿದ ಐದು ತಂಡಗಳಲ್ಲಿ ಎರಡು ತಂಡದವರಿಗೆ ತಪ್ಪಿದ್ದು ಗೊತ್ತಿತ್ತು. ಆದರೂ ಸುಮ್ನೆ ಲೇಬಲ್ ಹಚ್ಚಿ ಹೋದಿರಿ. ಬೈಯುತ್ತಾರೆ ಎಂದು ಹೆದರಿದಿರೋ ಏನೋ. ನಾನು ಬೈಯುವುದಿಲ್ಲ. ತಪ್ಪಿದೆ ಎಂದು ಬಂದು ಹೇಳಿದವರ ಮಾರ್ಕ್ ಕಡಿಮೆ ಮಾಡುವುದೂ ಇಲ್ಲ. ಆ ಬಾಟಲಿಯನ್ನು ನಾಳೆ ಬೇರೆ ಯಾರೋ ನಂಬಿ ಬಳಸುತ್ತಾರೆ. ಅವರ ಎರಡು ವಾರ ಹೋಗುವುದನ್ನು ನಾನು ನೋಡಲಾರೆ.

ಗುರುವಾರ 10 ಗಂಟೆಗೆ ಟ್ರಿಸ್ ಮತ್ತೆ ಮಾಡೋಣ, ಎಂಟೂ ತಂಡ. ಲೆಕ್ಕ ಮನೆಯಲ್ಲೇ ಮಾಡಿ ತನ್ನಿ, ಪಕ್ಕದ ತಂಡದವರು ಅದನ್ನು ಪರೀಕ್ಷಿಸಿ ಸಹಿ ಹಾಕಲಿ. ಲೇಬಲಿನಲ್ಲಿ ಹೆಸರು, ಮೋಲಾರಿಟಿ, ಪಿಎಚ್, ಡಿಗ್ರಿ, ತಾರೀಕು, ಮಾಡಿದವರ ಇನಿಷಿಯಲ್ ಇರಲಿ. ಮಳೆಗೆ ಶಾಯಿ ಇಳಿಯುತ್ತದೆ, ಮಾರ್ಕರ್ ಪೆನ್ನಿನಲ್ಲೇ ಬರೆಯಿರಿ. ಸಂಶಯ ಇದ್ದವರು ಬುಧವಾರ ನಾಲ್ಕು ಗಂಟೆಯ ನಂತರ ಬನ್ನಿ, ನಾನು ಲ್ಯಾಬಿನಲ್ಲೇ ಇರುತ್ತೇನೆ.

ನಿಮ್ಮ ಅಕ್ಕ,
ಟೀಚಿಂಗ್ ಅಸಿಸ್ಟೆಂಟ್, ಬಯೋಕೆಮಿಸ್ಟ್ರಿ ಲ್ಯಾಬ್