ಅನ್ವಿತಾಳ ಲೆಕ್ಕದ ಹಾಳೆ ನೋಡಿ ಅವಳ ಅಮ್ಮನಿಗೆ ಬರೆದದ್ದು

ವಾಣಿಯವರೇ, ನಮಸ್ಕಾರ.

ನೀವು ಕಳುಹಿಸಿದ ಫೋಟೊವನ್ನು ದೊಡ್ಡದು ಮಾಡಿ ಒಂದೊಂದೇ ಲೆಕ್ಕ ನೋಡಿದೆ. ‘ಹನ್ನೆರಡರಲ್ಲಿ ಏಳು ತಪ್ಪು, ಇವಳಿಗೆ ಗಣಿತ ತಲೆಗೇ ಹತ್ತುವುದಿಲ್ಲವೇ ಟೀಚರ್?’ ಎಂದು ಕೇಳಿದ್ದೀರಿ. ಮುಂದಿನ ವರ್ಷ ನವೋದಯ ಪರೀಕ್ಷೆಗೆ ಕೂರಿಸಬೇಕೆಂದು ಮನೆಯಲ್ಲಿ ಮಾತಾಗಿರುವಾಗ ಹೀಗೆ ಗಾಬರಿಯಾಗುವುದು ಸಹಜ. ಆದರೆ ಈ ಹಾಳೆಯಲ್ಲಿ ತಲೆಗೆ ಹತ್ತದ ಮಗು ನನಗೆ ಕಾಣಲಿಲ್ಲ. ಸೊನ್ನೆ ಬಂದ ಕಡೆಯಲ್ಲೆಲ್ಲ ತಡವರಿಸುವ, ಉಳಿದ ಕಡೆ ಚೆನ್ನಾಗಿಯೇ ಮಾಡುವ ಮಗು ಕಂಡಳು.

ಮೊದಲಿಗೆ ಒಂದು ಕೆಂಪು ಗುರುತನ್ನು ಅಳಿಸಿಬಿಡಿ. ಮೂರನೆಯ ಲೆಕ್ಕ 125 + 86ಕ್ಕೆ ಅವಳು ಬರೆದ 211 ಸರಿಯಾಗಿದೆ. 86 ಎಡಕ್ಕೆ ಜರುಗಿ 12ರ ಕೆಳಗೆ ಕುಳಿತಿರುವುದರಿಂದ ನಿಮಗೆ ತಪ್ಪೆನಿಸಿದೆ. ಬರೆದದ್ದು ಓರೆಯಾದರೂ ಕೂಡಿಸುವಾಗ ಬಿಡಿಗೆ ಬಿಡಿಯನ್ನೇ ಸೇರಿಸಿದ್ದಾಳೆ. ಚೌಕಳಿ ಪುಸ್ತಕ ಕೊಟ್ಟು, ಒಂದು ಮನೆಗೆ ಒಂದೇ ಅಂಕಿ ಎಂದು ಹೇಳಿದರೆ ಸಾಕು. ಅಲ್ಲಿಗೆ ತಪ್ಪು ಆರು.

ನಾಲ್ಕನೆಯದು 304 − 178. ಅವಳ ಉತ್ತರ 274, ಸರಿಯುತ್ತರ 126. ಬಿಡಿ ಸ್ಥಾನದಲ್ಲಿ 4ರಿಂದ 8 ಕಳೆಯಲು ಬರಲಿಲ್ಲ. ಆದ್ದರಿಂದ ತಿರುಗಿಸಿ 8ರಿಂದ 4 ಕಳೆದು 4 ಬರೆದಳು. ಹತ್ತರ ಸ್ಥಾನದಲ್ಲೂ ಹಾಗೆಯೇ, 7ರಿಂದ 0 ಕಳೆದು 7. ‘ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು’ ಎಂದು ನಾವೇ ಒಂದನೆಯ ತರಗತಿಯಲ್ಲಿ ಹೇಳಿಕೊಟ್ಟಿರುತ್ತೇವೆ, ಮಗು ಅದನ್ನು ಶ್ರದ್ಧೆಯಿಂದ ಪಾಲಿಸಿದೆ ಅಷ್ಟೆ. ಮೇಲಿನ ಸಂಖ್ಯೆಯಿಂದ ಕೆಳಗಿನದನ್ನು ಇಡಿಯಾಗಿ ಕಳೆಯುತ್ತಿದ್ದೇವೆ, ಅಂಕಿಗಳನ್ನು ಅದಲುಬದಲು ಮಾಡುವಂತಿಲ್ಲ ಎಂಬುದು ಅವಳಿಗೆ ಇನ್ನೂ ಗಟ್ಟಿಯಾಗಬೇಕು.

ಐದನೆಯದು 500 − 263. ಅವಳು 347 ಬರೆದಿದ್ದಾಳೆ, ಬರಬೇಕಾದದ್ದು 237. ಫೋಟೊದಲ್ಲಿ ಎರಡೂ ಸೊನ್ನೆಗಳ ತಲೆಯ ಮೇಲೆ ಪುಟ್ಟದಾಗಿ 10 ಎಂದು ಬರೆದಿರುವುದು ಕಾಣುತ್ತದೆ, ನೋಡಿ. ಅಂದರೆ ದಶಕ ತೆಗೆದುಕೊಳ್ಳಬೇಕೆಂದು ಅವಳಿಗೆ ಗೊತ್ತು! ಆದರೆ 5 ಹಾಗೆಯೇ ಉಳಿದಿದೆ. ಎಲ್ಲಿಂದ ತೆಗೆದುಕೊಂಡಳೋ ಅಲ್ಲಿ ಕಡಿಮೆ ಮಾಡಲಿಲ್ಲ.

ಇದನ್ನು ವಿವರಿಸಲು ನಿಮ್ಮ ಮನೆಯಲ್ಲೇ ದಾರಿ ಇದೆ. ಅಜ್ಜಿ ಮಲ್ಲಿಗೆ ಕಟ್ಟುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ ಎಂಬುದು ಶಂಕರಪುರದ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಗೊತ್ತಿರುತ್ತದೆ. ‘ನಮ್ಮಲ್ಲಿ ಐದು ಅಟ್ಟೆ ಇದೆ, ಬಿಡಿ ಚೆಂಡು ಒಂದೂ ಇಲ್ಲ. ಯಾರೋ ಮೂರು ಚೆಂಡು ಕೇಳಿದರು. ಏನು ಮಾಡುವುದು?’ ಎಂದು ಕೇಳಿ. ಒಂದು ಅಟ್ಟೆ ಬಿಚ್ಚಿ ಕೊಡುವುದು ಎನ್ನುತ್ತಾಳೆ. ‘ಈಗ ಅಟ್ಟೆ ಎಷ್ಟು ಉಳಿಯಿತು?’ ಎಂದರೆ ತಕ್ಷಣ ನಾಲ್ಕು ಎನ್ನುತ್ತಾಳೆ, ಐದು ಎನ್ನಲು ಅಜ್ಜಿ ಬಿಡುವುದಿಲ್ಲ. ಅದೇ ಮಾತನ್ನು ಲೆಕ್ಕಕ್ಕೆ ತನ್ನಿ. ಅಲ್ಲಿ ನಾಲ್ಕು, ಇಲ್ಲಿ ಹತ್ತು, ಅಷ್ಟೇ ವ್ಯತ್ಯಾಸ. ಒಂದು ನೂರನ್ನು ಬಿಚ್ಚಿದರೆ ಹತ್ತು ‘ಹತ್ತು’ಗಳು, 5 ಹೋಗಿ 4 ಆಯಿತು. ಆ ಹತ್ತರಲ್ಲಿ ಒಂದನ್ನು ಮತ್ತೆ ಬಿಚ್ಚಿದರೆ ಹತ್ತು ಬಿಡಿಗಳು; ನಡುವೆ ಉಳಿದದ್ದು 9. ಈಗ ಮೇಲಿನ ಸಾಲು 4, 9, 10. ಕೆಳಗಿನ 2, 6, 3 ಕಳೆದರೆ 237. ಇದು ಅರ್ಥವಾದ ಮೇಲೆ 304ಕ್ಕೆ ಹಿಂತಿರುಗಿ. ಅಲ್ಲಿ ಮೇಲಿನ ಸಾಲು 2, 9, 14 ಆಗುತ್ತದೆ. ಎರಡನ್ನೂ ಒಂದೇ ದಿನ ಮಾಡಿಸುವ ಅವಸರ ಬೇಡ.

ಉತ್ತರವನ್ನು ಅವಳೇ ಪರೀಕ್ಷಿಸಲಿ. 347ಕ್ಕೆ 263 ಕೂಡಿಸಿದರೆ 610 ಬರುತ್ತದೆ, ಇದ್ದದ್ದೇ 500. ತಪ್ಪು ಎಂದು ನೀವು ಹೇಳುವುದಕ್ಕಿಂತ ಆ 610 ಹೇಳಿದರೆ ಅವಳಿಗೆ ನೋವಾಗುವುದಿಲ್ಲ.

ಏಳನೆಯದು 36 × 24. 36ನ್ನು 4ರಿಂದ ಗುಣಿಸಿ 144, 2ರಿಂದ ಗುಣಿಸಿ 72. ಎರಡೂ ಗುಣಾಕಾರ ಸರಿ. ಆದರೆ 72ನ್ನು 144ರ 44ರ ಕೆಳಗೆ ನೇರವಾಗಿ ಬರೆದು ಕೂಡಿಸಿ 216 ಎಂದಳು. 24ರಲ್ಲಿರುವ 2 ಎಂದರೆ ಇಪ್ಪತ್ತು, ಹಾಗಾಗಿ ಎರಡನೆಯ ಸಾಲು 720, ಮೊತ್ತ 864. ನಮ್ಮಲ್ಲಿ ಅನೇಕರು ಆ ಜಾಗದಲ್ಲಿ ಗುಣಿಸು ಗುರುತು ಹಾಕಿ ಬಿಡುತ್ತಾರೆ. ಏಕೆಂದು ತಿಳಿಯದೆ ಹಾಕುವ ಗುರುತು ಒಂದು ದಿನ ಮರೆತೇ ಹೋಗುತ್ತದೆ, ಆದ್ದರಿಂದ ನಾನು ಸೊನ್ನೆಯನ್ನೇ ಬರೆಸುತ್ತೇನೆ. ‘36 ಹತ್ತಲೆ ಎಷ್ಟು?’ ಎಂದು ಕೇಳಿ ನೋಡಿ. 360 ಎನ್ನುವಾಗಲೇ 216 ಸಾಲದು ಎಂದು ಅವಳಿಗೆ ಹೊಳೆಯುತ್ತದೆ.

ಎಂಟನೆಯದು, 58 × 7ಕ್ಕೆ 404, ದೊಡ್ಡ ವಿಷಯವೇ ಅಲ್ಲ. ಏಳೆಂಟಲೆ 54 ಎಂದುಕೊಂಡಿದ್ದಾಳೆ. ಉಳಿದ ಕ್ರಮವೆಲ್ಲ ಸರಿ. 56 ಆಗಬೇಕು, ಉತ್ತರ 406. ಏಳೇಳಲೆ 49 ಅವಳಿಗೆ ಬರುತ್ತದೆ. ಅದಕ್ಕೆ ಇನ್ನೊಂದು 7 ಸೇರಿಸಲಿ. ಇಷ್ಟಕ್ಕಾಗಿ ಇಡೀ ಮಗ್ಗಿಯನ್ನು ಹತ್ತು ಸಲ ಬರೆಸಬೇಡಿ.

ಹತ್ತನೆಯದು 618 ÷ 6. ಅವಳಿಗೆ 13 ಬಂದಿದೆ, ಬರಬೇಕಾದದ್ದು 103. 6ರಲ್ಲಿ 6 ಒಂದು ಸಲ ಹೋಯಿತು. ಮುಂದಿನ 1 ಇಳಿಸಿದಾಗ ಅದರಲ್ಲಿ 6 ಹೋಗಲಿಲ್ಲ. ಅಲ್ಲಿ ಭಾಗಲಬ್ಧದಲ್ಲಿ 0 ಬರೆಯಬೇಕಿತ್ತು. ಅವಳು ಏನನ್ನೂ ಬರೆಯದೆ 8 ಇಳಿಸಿ, 18ರಲ್ಲಿ 6 ಮೂರು ಸಲ ಎಂದು ಮುಗಿಸಿದಳು. ‘ಹೋಗದಿದ್ದರೆ ಸೊನ್ನೆ, ಆಮೇಲೆ ಮುಂದಿನದು’ ಎಂದು ಬಾಯಿಯಲ್ಲಿ ಹೇಳಿಕೊಂಡೇ ಮಾಡಲಿ. ಅಂಕಿ ಇಳಿಸಿದಾಗಲೆಲ್ಲ ಮೇಲೆ ಒಂದು ಅಂಕಿ ಬೀಳಲೇಬೇಕು.

ಹನ್ನೊಂದನೆಯದು ನನಗೆ ಬಹಳ ಇಷ್ಟವಾಯಿತು. ಕೊಲ್ಲೂರಿನಿಂದ ಕೊಡಚಾದ್ರಿಗೆ 50 ಮಂದಿ ಹೊರಟಿದ್ದಾರೆ, ಒಂದು ಜೀಪಿನಲ್ಲಿ 8 ಮಂದಿ, ಎಷ್ಟು ಜೀಪು ಬೇಕು? ಅವಳು 6 ಜೀಪು, ಶೇಷ 2 ಎಂದು ಬರೆದಿದ್ದಾಳೆ. ಭಾಗಾಕಾರದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಆ ಇಬ್ಬರನ್ನು ಕೊಲ್ಲೂರಿನಲ್ಲೇ ಬಿಟ್ಟು ಹೋಗುವುದೇ ಎಂದು ನಗುತ್ತಾ ಕೇಳಿ. ಏಳನೆಯ ಜೀಪನ್ನು ಅವಳೇ ತರಿಸುತ್ತಾಳೆ. ಈ ಬಗೆಯ ತಪ್ಪು ದೊಡ್ಡ ತರಗತಿಯ ಮಕ್ಕಳಲ್ಲೂ ನೋಡುತ್ತೇನೆ.

ಎಣಿಸಿ ನೋಡಿ: 304, 500, 36 × 24, 618. ಆರರಲ್ಲಿ ನಾಲ್ಕು ತಪ್ಪು ಸೊನ್ನೆಯ ಸುತ್ತಲೇ ಇವೆ. ಅದೊಂದು ಗಟ್ಟಿಯಾದರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ. ಇದಕ್ಕಾಗಿ ಟ್ಯೂಷನ್ ಬೇಡ. ಹಾಳೆಯ ಕೆಳಭಾಗದಲ್ಲಿ ರಬ್ಬರ್ ತಿಕ್ಕಿ ತಿಕ್ಕಿ ಕಾಗದ ತೂತಾಗಿರುವುದು ಮಾತ್ರ ನನ್ನ ಮನಸ್ಸಿಗೆ ಸ್ವಲ್ಪ ಚುಚ್ಚಿತು. ತಪ್ಪು ಯಾರ ಕಣ್ಣಿಗೂ ಬೀಳಬಾರದೆಂದು ಹೆದರಿದ ಮಗು ಹಾಗೆ ತಿಕ್ಕುತ್ತದೆ. ಇನ್ನು ಮೇಲೆ ಅಳಿಸುವುದು ಬೇಡ. ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಲಿ. ಎಲ್ಲಿ ತಪ್ಪಿದಳೆಂದು ನಮಗೂ ತಿಳಿಯುತ್ತದೆ. ಕೆಂಪು ಪೆನ್ನನ್ನು ಸ್ವಲ್ಪ ದಿನ ಒಳಗಿಡಿ.

ಶನಿವಾರ, ಭಾನುವಾರಕ್ಕೆ ಐದೇ ಲೆಕ್ಕ: 402 − 157, 700 − 348, 43 × 25, 535 ÷ 5, ಮತ್ತು 20 ಮಂದಿಗೆ ತಲಾ ಮೂವರು ಕೂರುವ ರಿಕ್ಷಾ ಎಷ್ಟು ಬೇಕು. ಉತ್ತರ ನಿಮಗೆ ಮಾತ್ರ: 245, 352, 1075, 107, 7 ರಿಕ್ಷಾ. ಊಟವಾದ ಮೇಲೆ ನಿದ್ದೆ ಎಳೆಯುವಾಗ ಕೂರಿಸಬೇಡಿ, ಸಂಜೆ ಕಾಫಿ ತಿಂಡಿಯ ಹೊತ್ತಿಗೆ ಮುಗಿಯಲಿ.

ಹನ್ನೆರಡನೆಯ ಲೆಕ್ಕದ ಮೇಲೆ ನಿಮ್ಮ ಹೆಬ್ಬೆರಳು ಬಿದ್ದಿದೆ, ಓದಲಾಗಲಿಲ್ಲ. ಅದೊಂದರ ಫೋಟೊ ಇನ್ನೊಮ್ಮೆ ಕಳುಹಿಸಿ.

ಸರೋಜಾ ಟೀಚರ್